ಎಲ್ಲರದ್ದೂ ಒಂದೇ ವಿಳಾಸ

ಕಚೇರಿ ಮಹಡಿಯ ಮೇಲಿದೆಯೆಂದು ಹೊಸ ಅಂಚೆಯವನಿಗೆ ಯಾರೂ ಹೇಳಿರಲಿಲ್ಲ. ಅವನು ನೇರವಾಗಿ ಹೊಲಿಗೆ ಹಾಲಿನೊಳಕ್ಕೆ ಬಂದು ಮಷೀನುಗಳ ನಡುವೆ ನಿಂತ. ರಬ್ಬರ್ ಬ್ಯಾಂಡು ಹಾಕಿದ ದಪ್ಪ ಕಟ್ಟನ್ನು ಬಿಚ್ಚಿ ಲಕೋಟೆಗಳ ಮೇಲಿನ ಹೆಸರುಗಳನ್ನು ಕೂಗತೊಡಗಿದ.

ಯಾರೂ ಏಳಲಿಲ್ಲ. ಅಲ್ಲಿ ಯಾರಿಗೂ ಹೆಸರಿರಲಿಲ್ಲ. ಕಾಲರ್ ಕೂರಿಸುವವಳು ಕಾಲರಕ್ಕ, ಜೇಬು ಹಚ್ಚುವವಳು ಜೇಬು, ತೋಳು ಸೇರಿಸುವವಳು ತೋಳು. ಗುಂಡಿಗೆ ಕಾಜ ಹೊಲಿಯುವ ಮಷೀನಿನ ಹಿಂದೆ ಕೂತವಳು ಕಾಜಕ್ಕ. ಒಂದು ಅಂಗಿ ಪೂರ್ತಿಯಾಗಬೇಕಾದರೆ ಎಲ್ಲರೂ ಬೇಕು. ಒಬ್ಬೊಬ್ಬರನ್ನೇ ಕರೆಯಲು ಅಂಗಿಯ ಒಂದೊಂದು ತುಂಡು ಸಾಕಿತ್ತು. ಅಂಚೆಯವನು ಓದುತ್ತಿದ್ದ ಹೆಸರುಗಳು ಯಾವುದೋ ಶಾಲೆಯ ಹಾಜರಿ ಪುಸ್ತಕದವು ಅನ್ನಿಸುತ್ತಿತ್ತು. ಕಾಜಕ್ಕನ ಹೆಸರು ಬಂದಾಗ ಅವಳೂ ಉಳಿದವರ ಹಾಗೆ ಯಾರದಪ್ಪಾ ಎಂದು ಅತ್ತಿತ್ತ ನೋಡಿದಳು. ಆಮೇಲೆ ಎದ್ದು ಕೈ ಚಾಚಿದಳು.

ಲಕೋಟೆ ಕೈಗೆ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಹೊಲಿಗೆಯವರ ಸಹಕಾರ ಸಂಘದ ಕಾರ್ಯದರ್ಶಿ, ಅಂದರೆ ಕಾಜಕ್ಕನ ಗಂಡನ ತಂಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಓಡಿ ಬಂದಳು. ಇದು ಕಚೇರಿಯ ಟಪಾಲು, ಮೇಲಕ್ಕೆ ತರಬೇಕು ಎಂದು ಅಂಚೆಯವನಿಗೆ ಹೇಳಿ ಕಟ್ಟನ್ನು ತೆಗೆದುಕೊಂಡಳು. ಅತ್ತಿಗೆಯ ಕೈಯಲ್ಲಿದ್ದದ್ದನ್ನು ನೋಡಿದಳು. ಕೇಳಲಿಲ್ಲ. ಅದನ್ನೂ ಕೊಡಿ ಎಂದು ಬಾಯಿ ಬಿಟ್ಟು ಕೇಳಿದ್ದರೆ ಉಳಿದವರೆಲ್ಲ ತಲೆಯೆತ್ತುತ್ತಿದ್ದರು.

ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಕಾಜಕ್ಕ ಲಕೋಟೆಯನ್ನು ಒಡೆಯದೆ ಹಿಡಿದುಕೊಂಡು ಮಹಡಿ ಹತ್ತಿದಳು. ಕಚೇರಿಯಲ್ಲಿ ಗಾಜಿನ ಬಾಗಿಲಿನ ಸೂಚನಾ ಫಲಕವೊಂದಿತ್ತು. ಕೆಳಗಿನವರು ಸಂಬಳದ ದಿನ ಬಿಟ್ಟರೆ ಮೇಲೆ ಬರುತ್ತಿರಲಿಲ್ಲ. ಸಂಬಳದ ದಿನ ಯಾರೂ ಫಲಕ ನೋಡುತ್ತಿರಲಿಲ್ಲ. ಅದರಲ್ಲಿ ಅಚ್ಚುಕಟ್ಟಾಗಿ ನಾಲ್ಕು ಮೂಲೆಗೂ ಗುಂಡುಪಿನ್ನು ಚುಚ್ಚಿ ಒಂದು ಹಾಳೆ ಹಚ್ಚಲಾಗಿತ್ತು. ಸರ್ವ ಸದಸ್ಯರ ವಾರ್ಷಿಕ ಸಾಮಾನ್ಯ ಸಭೆಯ ತಿಳುವಳಿಕೆ ಪತ್ರ. ಸ್ಥಳ, ಸಂಘದ ಹೊಲಿಗೆ ಹಾಲು. ದಿನ, ಬರುವ ತಿಂಗಳ ಎರಡನೇ ಭಾನುವಾರ. ಹೊತ್ತು, ಮಧ್ಯಾಹ್ನ ಮೂರು. ಕೆಳಗೆ ಚರ್ಚೆಯ ವಿಷಯಗಳು: ಹಿಂದಿನ ಸಭೆಯ ನಡಾವಳಿ ಓದುವುದು, ವರದಿ ಒಪ್ಪುವುದು, ಪರಿಶೋಧನೆಯಾದ ಲೆಕ್ಕ ಮಂಜೂರು ಮಾಡುವುದು, ಲಾಭ ಹಂಚುವುದು, ಮುಂದಿನ ವರ್ಷದ ಆಯವ್ಯಯ, ಲೆಕ್ಕಪರಿಶೋಧಕರ ನೇಮಕ. ವರ್ಷವರ್ಷವೂ ಬರುವ ಸಾಲುಗಳು. ಅವಳ ಬೆರಳು ಗಾಜಿನ ಮೇಲೆ ಏಳನೆಯದರ ಹತ್ತಿರ ನಿಂತಿತು.

ಹೊಲಿಗೆ ಹಾಲು ಮತ್ತು ಎಲ್ಲ ಯಂತ್ರಗಳನ್ನು ಒಬ್ಬ ಸಿದ್ಧ ಉಡುಪು ಕಂಟ್ರಾಕ್ಟುದಾರರಿಗೆ ದೀರ್ಘ ಅವಧಿಯ ಗುತ್ತಿಗೆಗೆ ಕೊಡುವ ಆಡಳಿತ ಮಂಡಳಿಯ ಶಿಫಾರಸಿಗೆ, ಹಾಜರಿದ್ದು ಮತ ಹಾಕುವ ಸದಸ್ಯರ ಮೂರನೇ ಎರಡರ ಬಹುಮತದ ಒಪ್ಪಿಗೆ ಪಡೆಯುವುದು.

ಎಂಟನೆಯದು, ಅಧ್ಯಕ್ಷರ ಅನುಮತಿಯಿಂದ ಬರುವ ಇತರ ವಿಷಯಗಳು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: ಸಮಯಕ್ಕೆ ಬೇಕಾದಷ್ಟು ಸದಸ್ಯರು ಸೇರದೆ ಕೋರಂ ಆಗದಿದ್ದರೆ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಅದೇ ಸ್ಥಳದಲ್ಲಿ, ಇವೇ ವಿಷಯಗಳಿಗಾಗಿ, ಕೋರಂ ಇಲ್ಲದೆಯೇ ನಡೆಸಲಾಗುವುದು.

ಕಾಜಕ್ಕ ಎರಡು ಸಲ ಓದಿದಳು. ಗುತ್ತಿಗೆ ಅಂದರೆ ನಾಳೆಯಿಂದ ಈ ಹಾಲಿನಲ್ಲಿ ಅವಳ ಮಷೀನು ಇರುತ್ತದೆ, ಅದರ ಹಿಂದೆ ಅವಳು ಇರಬೇಕೋ ಬೇಡವೋ ಎನ್ನುವುದನ್ನು ಬೇರೆ ಯಾರೋ ಹೇಳುತ್ತಾರೆ. ಇಷ್ಟು ದಿನ ಆ ಹೇಳುವವರಲ್ಲಿ ಅವಳೂ ಒಬ್ಬಳು.

ನಾದಿನಿ ಅಲ್ಮೇರಾದ ಮುಂದೆ ಬೆನ್ನು ಕೊಟ್ಟು ನಿಂತಿದ್ದಳು. ಕಟ್ಟು ಒಳಗೆ ಹೋಗಿತ್ತು.

ಹಿಂದಿನ ವರ್ಷಗಳಲ್ಲಿ ಸಭೆಯ ನೋಟೀಸನ್ನು ಕೆಳಗೆ ಎಲ್ಲರ ಮುಂದೆ ಓದಿ, ಒಬ್ಬೊಬ್ಬರ ಕೈಗೂ ಒಂದು ಪ್ರತಿ ಕೊಟ್ಟು ರುಜು ಹಾಕಿಸಿಕೊಳ್ಳುತ್ತಿದ್ದರು. ಈ ವರ್ಷ ಏನಾಯಿತು ಎಂದು ಕಾಜಕ್ಕ ಕೇಳಿದಳು. ಬೈಲಾದಲ್ಲಿ ಕೈಗೆ ಕೊಡಬಹುದು ಅಂತಲೂ ಇದೆ, ದಾಖಲೆಯಲ್ಲಿರುವ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬಹುದು ಅಂತಲೂ ಇದೆ, ಈ ಸಲ ಅಧ್ಯಕ್ಷರು ಅಂಚೆಯಲ್ಲೇ ಕಳಿಸಿ ಅಂದರು ಎಂದು ನಾದಿನಿ ಹೇಳಿದಳು. ಅವಳ ದನಿಯಲ್ಲಿ ಅಳುಕಿನ ಜೊತೆಗೆ ಒಂದು ಬಗೆಯ ಹೆಮ್ಮೆಯೂ ಇತ್ತು. ಅಂಚೆಗೆ ಹಾಕಿದ ದಿನ, ಸಭೆಯ ದಿನ ಎರಡನ್ನೂ ಬಿಟ್ಟು ನಡುವೆ ಹದಿನಾಲ್ಕು ಪೂರ್ಣ ದಿನ ಇರಬೇಕು. ಅವಳು ಅಂಚೆಗೆ ಬೇಕಾದ ದಿನವನ್ನೂ ಸೇರಿಸಿ ಲೆಕ್ಕ ಹಾಕಿದ್ದಳು. ಎಷ್ಟು ಲಕೋಟೆ ಹಾಕಿದಳು ಎಂಬುದಕ್ಕೆ ಅಂಚೆ ಕಚೇರಿಯ ಮುದ್ರೆಯಿತ್ತು. ಫಲಕದಲ್ಲಿ ಹಚ್ಚಿದ್ದಕ್ಕೆ ಇಬ್ಬರು ಸಾಕ್ಷಿಗಳ ರುಜುವಿತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ.

"ಎಲ್ಲಾ ಸರಿಯಾಗಿದೆ ಅತ್ತಿಗೆ," ಎಂದಳು. "ಬೇಕಾದ್ರೆ ಯಾರಿಗಾದ್ರೂ ತೋರಿಸಿ."

"ಸರಿಯಾಗಿದೆ ಅಂತ ನಾನೂ ಹೇಳ್ತಾ ಇದೀನಿ. ಆ ವಿಳಾಸ ಯಾವುದು, ಅದನ್ನ ಹೇಳು."

ನಾದಿನಿ ಅಲ್ಮೇರಾದ ಬಾಗಿಲು ದೂಡಿ ಮುಚ್ಚಿದಳು. ಇಬ್ಬರಿಗೂ ಗೊತ್ತಿದ್ದದ್ದೇ.

ಸಂಘ ಶುರುವಾದಾಗ ಇದ್ದ ಹಳೆಯ ಅಧ್ಯಕ್ಷೆ ಷೇರಿನ ಅರ್ಜಿ ತುಂಬಿಸುತ್ತ, ವಿಳಾಸದ ಜಾಗಕ್ಕೆ ಬಂದಾಗ ಪ್ರತಿಯೊಬ್ಬ ಹೆಂಗಸೂ ತಡವರಿಸುವುದನ್ನು ನೋಡಿದ್ದಳು. ಒಬ್ಬಳ ಮಾವನೇ ಮನೆಗೆ ಬಂದ ಕಾಗದವನ್ನೆಲ್ಲ ಒಡೆಯುತ್ತಿದ್ದ. ಇನ್ನೊಬ್ಬಳ ಗಂಡನಿಗೆ ಹೆಂಡತಿಯ ಹೆಸರಿನಲ್ಲಿ ಏನಾದರೂ ಇದೆ ಅಂದರೆ ಸಾಕು, ಊಟ ಸೇರುತ್ತಿರಲಿಲ್ಲ. ಮೂರನೆಯವಳು ವರ್ಷಕ್ಕೊಂದು ಬಾಡಿಗೆ ಕೋಣೆ ಬದಲಾಯಿಸುತ್ತಿದ್ದಳು. ಸಂಘದ ವಿಳಾಸವನ್ನೇ ಬರೆಯಿರಿ, ಇಲ್ಲಿಗೆ ಬಂದರೆ ನಾನೇ ಕೈಗೆ ಕೊಡುತ್ತೇನೆ ಎಂದಿದ್ದಳು ಆಕೆ. ಎಲ್ಲರೂ ಅದನ್ನೇ ಬರೆದರು. ಕೂಲಿಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ಬಂದು ಇಲ್ಲಿ ಮಾಲೀಕರಾದರು. ಕಾಜಕ್ಕನೂ ಹಾಗೆಯೇ. ಗುಟ್ಟು ಗೊತ್ತಿದ್ದವಳು ನಾದಿನಿಯೊಬ್ಬಳೇ. ಅವಳಿಗೆ ಈ ಕೆಲಸ ಕೊಡಿಸಿದ್ದೂ ಕಾಜಕ್ಕನೇ ಆದ್ದರಿಂದ ಆ ಗುಟ್ಟು ಎರಡು ಕಡೆಯಿಂದಲೂ ಭದ್ರವಾಗಿತ್ತು.

ಈಗಿನ ಅಧ್ಯಕ್ಷರು ಬುದ್ಧಿವಂತರು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ. ಸಂಘದ ಕಚೇರಿಯಿಂದ ಸಂಘದ ಕಚೇರಿಗೆ ನೋಟೀಸು ಕಳಿಸಿದ್ದರು, ಅಷ್ಟೇ.

"ಈ ಅಲ್ಮೇರಾಗೆ ಬೀಗ ಹಾಕ್ಬಿಟ್ರೆ, ನೋಟೀಸು ತಲುಪಿದ್ದು ನಮಗೋ ಅಲ್ಮೇರಾಗೋ?" ಎಂದು ಕಾಜಕ್ಕ ಕೇಳಿದಳು.

"ಅಧ್ಯಕ್ಷರು ಹೇಳಿದ್ದು, ಯಾರಾದ್ರೂ ಬಂದು ಕೇಳಿದ್ರೆ ಕೊಡಿ, ನೀವಾಗಿ ಹಂಚೋದು ಬೇಡ ಅಂತ." ನಾದಿನಿ ದನಿ ತಗ್ಗಿಸಿದಳು. "ನನ್ನ ಕೆಲಸ ಹೋಗತ್ತೆ ಅತ್ತಿಗೆ. ಮತ್ತೆ ನೀವು ಇದನ್ನ ಎತ್ತಿಕೊಂಡು ಗಲಾಟೆ ಮಾಡಿದ್ರೆ ಅಣ್ಣಂಗೆ ಗೊತ್ತಾಗಲ್ವಾ? ನಾನು ಬೆದರಿಸ್ತಾ ಇಲ್ಲ. ಇರೋದನ್ನ ಹೇಳ್ದೆ."

"ಬೆದರಿಸೋಕೆ ನಿನಗೆ ಬರಲ್ಲ ಬಿಡು. ಚಿಕ್ಕವಳಿದ್ದಾಗ ಬೆಕ್ಕಿಗೆ ಹೆದರಿ ನನ್ನ ಬೆನ್ನ ಹಿಂದೆ ನಿಂತ್ಕೊಳ್ತಿದ್ದೆ." ಕಾಜಕ್ಕ ಲಕೋಟೆಯನ್ನು ರವಿಕೆಯೊಳಗೆ ತೂರಿಸಿದಳು. "ಕೇಳಿದ್ರೆ ಕೊಡ್ತೀಯ ಅಲ್ವಾ? ಕೇಳೋರನ್ನ ಕಳಿಸ್ತೀನಿ."

ಕೇಳುವವರು ಸುಲಭವಾಗಿ ಸಿಗಲಿಲ್ಲ. ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತ ಕಾಜಕ್ಕ ವಿಷಯ ಹೇಳಿದಾಗ ಮೊದಲು ಯಾರೂ ನಂಬಲಿಲ್ಲ. ಆಮೇಲೆ ನಂಬಿದರು. ನಂಬಿದ ಮೇಲೆ ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ತಮ್ಮ ಹೆಸರನ್ನು ಹೇಳಿ, ಕೆಲವರು ಹೇಳಲು ನಾಚಿ, ಲಕೋಟೆ ತಂದರು. ಕಾಲರಕ್ಕ ಮೆಟ್ಟಿಲ ಮೇಲೇ ಅದನ್ನು ಹರಿದು ಓದಿಬಿಟ್ಟಳು. ಹಲವರು ಹೋಗಲೇ ಇಲ್ಲ. ಅದು ಅಲ್ಲೇ ಇರಲಿ, ನನ್ನ ಹೆಸರು ಎಲ್ಲೂ ಕಾಣದೇ ಇದ್ದರೆ ಅಷ್ಟೇ ಸಾಕು ಎಂದಳು ತೋಳು. ಅವಳನ್ನು ಯಾರೂ ಬೈಯಲಿಲ್ಲ.

ತೊಡಕು ಲಕೋಟೆಯದಲ್ಲ, ಭಾನುವಾರದ್ದು. ರಜೆಯ ದಿನ, ಮಧ್ಯಾಹ್ನ ಮೂರಕ್ಕೆ. ಆ ಹೊತ್ತಿನಲ್ಲಿ ಸೀರೆ ಬದಲಾಯಿಸಿ ಹೊರಟರೆ ಎಲ್ಲಿಗೆ ಎಂದು ಕೇಳದ ಮನೆ ಯಾವುದು? ಹೆಚ್ಚಿನ ಕೆಲಸವಿದೆ ಎನ್ನಬಹುದು, ಆದರೆ ಬಾಗಿಲಲ್ಲೇ ಕಾಯುವ ಗಂಡಂದಿರಿದ್ದರು, ಹೆಚ್ಚಿನ ಕೂಲಿ ಎಲ್ಲಿ ಎಂದು ಕೈ ಚಾಚುವ ಅತ್ತೆಯರಿದ್ದರು. ಬಟ್ಟೆ ಕತ್ತರಿಸುವ ಮೇಜಿನ ಗಂಡಸರೂ ಸದಸ್ಯರೇ, ಆದರೆ ಅವರಿಗೆ ಈ ಪಾಡಿಲ್ಲ. ಅವರಿಗೆ ಅಧ್ಯಕ್ಷರು ಆಗಲೇ ಬಾಯಿಮಾತಿನಲ್ಲಿ ಹೇಳಿದ್ದರು; ಕಂಟ್ರಾಕ್ಟುದಾರ ಬಂದ ಮೇಲೆ ಅವರು ಮೇಸ್ತ್ರಿಗಳಾಗುತ್ತಾರಂತೆ.

"ಏನು ಸುಳ್ಳು ಹೇಳೋದು, ಅದನ್ನ ಹೇಳು," ಎಂದಳು ಜೇಬು. "ಎಲ್ಲರೂ ಒಂದೇ ಸುಳ್ಳು ಹೇಳಿದ್ರೆ ನಂಬ್ತಾರೆ."

"ಸುಳ್ಳೇ ಬೇಡ," ಎಂದಳು ಕಾಜಕ್ಕ. "ನಾವು ಹೇಳೋದೂ ಬೇಡ. ಕಾಗದವೇ ಮನೆಗೆ ಬಂದು ಹೇಳಲಿ."

ಅವಳು ಸಂಜೆ ಗೇಟಿನ ಹತ್ತಿರ ಅಂಚೆಯವನನ್ನು ತಡೆದು ಕೇಳಿದ್ದಳು. ಅವನು ಸೈಕಲ್ಲಿನಿಂದ ಇಳಿಯದೆಯೇ ಹೇಳಿದ್ದ: ಲಕೋಟೆ ಒಡೆದಿಲ್ಲವಾದರೆ ಹಳೆಯ ವಿಳಾಸ ಹೊಡೆದು ಪಕ್ಕದಲ್ಲಿ ಹೊಸದು ಬರೆದು ಡಬ್ಬಿಗೆ ಹಾಕಿ, ಸ್ಟಾಂಪು ಬೇಡ, ತಲುಪುತ್ತದೆ. ದಿನಾ ಹತ್ತು ಜನ ಹೀಗೆ ಮಾಡುತ್ತಾರೆ, ಇದರಲ್ಲೇನು ಕೇಳುವುದು ಎಂದು ಅವನಿಗೆ ಆಶ್ಚರ್ಯ.

ಅವನಿಗೇನು, ಹೇಳಿಬಿಟ್ಟ. ಮರುದಿನ ಮಧ್ಯಾಹ್ನ ಹತ್ತಾರು ಹೆಂಗಸರು ಇಸ್ತ್ರಿ ಮೇಜಿನ ಸುತ್ತ ನಿಂತರು. ಮೇಜಿನ ಮೇಲೆ ಲಕೋಟೆಗಳು, ಬಟ್ಟೆಗೆ ಗುರುತು ಹಾಕುವ ಒಂದು ಪೆನ್ನು. ಪೆನ್ನನ್ನು ಯಾರೂ ಮುಟ್ಟಲಿಲ್ಲ. ಮನೆಯ ವಿಳಾಸ ಬರೆಯುವುದೆಂದರೆ ಮನೆಯಲ್ಲಿ ಒಂದು ದಿನ ಏಳಬಹುದಾದ ಮಾತನ್ನು ತಾವೇ ಸ್ಟಾಂಪಿಲ್ಲದೆ ಕಳಿಸಿಕೊಡುವುದು. ಒಬ್ಬಳು ತನ್ನ ಗಂಡ ಬರುವ ಮೊದಲೇ ಅಂಚೆ ಬರುತ್ತದೆಯೋ ಎಂದು ಕೇಳಿದಳು. ಮತ್ತೊಬ್ಬಳು, ಮಕ್ಕಳ ಶಾಲೆಯ ಪತ್ರವೆಂದರೆ ಆಗುವುದಿಲ್ಲವೆ ಎಂದಳು. ತಾನು ಆಗಲೇ ಹರಿದು ಓದಿರುವುದರಿಂದ ತನ್ನದು ಅಂಚೆಗೆ ಹೋಗಲಾರದು, ಬದುಕಿದೆ ಎಂದು ಕಾಲರಕ್ಕ ಖುಷಿಪಟ್ಟಳು. ನೀನು ಕೈಯಲ್ಲೇ ತಗೊಂಡು ಹೋಗಿ ನಿನ್ನ ಗಂಡನ ತಟ್ಟೆ ಪಕ್ಕದಲ್ಲಿ ಇಡು ಎಂದು ಜೇಬು ಹೇಳಿದ್ದಕ್ಕೆ ಎಲ್ಲರೂ ನಕ್ಕರು. ನಗು ನಿಂತ ಮೇಲೆ ಮತ್ತೆ ಪೆನ್ನು ಒಂಟಿಯಾಯಿತು.

ಕಾಜಕ್ಕ ಎತ್ತಿಕೊಂಡಳು. ಸಂಘದ ವಿಳಾಸದ ಮೇಲೆ ಗೆರೆ ಎಳೆದಳು. ಗಂಡನ ಹೆಸರು, ಮನೆ ನಂಬರು, ಗಲ್ಲಿ ಬರೆದಳು. ಆಮೇಲೆ ಗಂಡನ ಹೆಸರನ್ನು ಹೊಡೆದುಹಾಕಿದಳು. ತನ್ನ ಹೆಸರು ಮೇಲೆ ಇದ್ದೇ ಇತ್ತು. ಪೆನ್ನನ್ನು ಜೇಬಿನ ಮುಂದೆ ಇಟ್ಟಳು.

ಆ ದಿನ ಗೇಟಿನ ಪಕ್ಕದ ಅಂಚೆ ಡಬ್ಬಿಯ ಬಾಯಿಗೆ ಒಂದು ಹಿಡಿ ಲಕೋಟೆಗಳು ಬಿದ್ದವು. ಹೆಚ್ಚಲ್ಲ. ಅಲ್ಮೇರಾದಲ್ಲಿ ಉಳಿದದ್ದೇ ಜಾಸ್ತಿ.

ಎರಡು ದಿನ ಬಿಟ್ಟು ಕಾಜಕ್ಕನ ಮನೆಯ ಬಾಗಿಲಲ್ಲಿ ಅಂಚೆಯವನು ಹೆಸರು ಕೂಗಿದ. ಆಗಷ್ಟೇ ಅವಳು ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು. ಗಂಡ ಹೊಸ್ತಿಲಲ್ಲಿ ಕೂತು ಉಗುರಿನೊಳಗಿನ ಬಣ್ಣವನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜುತ್ತಿದ್ದ. ಅವನು ಮನೆಗಳಿಗೆ ಬಣ್ಣ ಬಳಿಯುವವನು. ಈ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಹೇಳಲು ಬಾಯಿ ತೆರೆದವನು, ಅದು ಹೆಂಡತಿಯ ಹೆಸರೆಂದು ಹೊಳೆದು, ಲಕೋಟೆ ತೆಗೆದುಕೊಂಡ.

ಒಡೆದು ಓದಿದ. ಮೇಲಿನಿಂದ ಕೆಳಗಿನವರೆಗೆ, ಸಣ್ಣ ಅಕ್ಷರದ ಟಿಪ್ಪಣಿಯನ್ನೂ ಬಿಡದೆ. ಕಾಜಕ್ಕ ಒದ್ದೆ ಕಾಲಿನಲ್ಲೇ ನಿಂತಿದ್ದಳು.

"ಸದಸ್ಯರು ಅಂದ್ರೆ?" ಎಂದ.

"ಸಂಘದಲ್ಲಿ ನನಗೂ ಪಾಲಿದೆ ಅಂತ. ಓಟೂ ಇದೆ."

"ಯಾವತ್ತಿಂದ?"

"ನಿಮ್ಮ ತಂಗಿಗೆ ಅಲ್ಲಿ ಕೆಲಸ ಸಿಗೋಕೆ ಮುಂಚಿನಿಂದ."

ಅವನು ಹಾಳೆಯನ್ನು ಮಡಚಿದ. ಮಡಚಿದ್ದನ್ನು ಮತ್ತೆ ಬಿಡಿಸಿದ. ಹಾಳೆಯ ಮೂಲೆಗೆ ಹಸಿರು ಬಣ್ಣ ತಾಗಿತು. ಊರಿಗೆಲ್ಲ ನನ್ನ ಹೆಂಡತಿ ಅಲ್ಲಿ ಕೂಲಿ ಹೊಲಿಯುತ್ತಾಳೆ ಎಂದು ಹೇಳಿಕೊಂಡು ತಿರುಗಿದ್ದೆನಲ್ಲ, ಅದನ್ನು ಕೇಳಿ ನೀನು ಒಳಗೊಳಗೇ ನಗುತ್ತಿದ್ದೆಯಾ ಎಂದ. ನಗುತ್ತಿರಲಿಲ್ಲ ಎಂದಳು. ಅದು ನಿಜವೇ.

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅದು ನಮ್ಮದಾಗ್ತಿತ್ತು. ನನಗೆ ನನ್ನದು ಅಂತ ಒಂದು ಬೇಕಿತ್ತು."

ಒಳಗಿನಿಂದ ಅತ್ತೆ, ಯಾರ ಕಾಗದ, ಯಾರು ಸತ್ತರು ಎಂದು ಕೇಳಿದರು. ಯಾರೂ ಸತ್ತಿಲ್ಲವೆಂದು ತಿಳಿದ ಮೇಲೆ ಹೊರಗೆ ಬಂದು ವಿಷಯವನ್ನೆಲ್ಲ ಮಗನ ಬಾಯಿಂದ ಹೇಳಿಸಿಕೊಂಡರು. ಸೊಸೆಗೆ ಪಾಲಿದೆ ಎನ್ನುವುದು ಅವರನ್ನು ಅಷ್ಟು ಕೆಣಕಲಿಲ್ಲ. ಮಗಳಿಗೆ ಅದು ಗೊತ್ತಿತ್ತು ಎನ್ನುವುದು ಕೆಣಕಿತು. "ನನ್ನ ಹೊಟ್ಟೇಲಿ ಹುಟ್ಟಿದವಳಿಗೆ ಗೊತ್ತು, ನನಗಿಲ್ಲ. ಈ ಮನೇಲಿ ನಾನೇನು ಗೋಡೆ ಮೇಲಿನ ಕ್ಯಾಲೆಂಡರಾ?" ಎಂದು ಹೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಪಾತ್ರೆಗಳನ್ನು ಎತ್ತಿಟ್ಟ ಸದ್ದಿನಲ್ಲಿ ಉಳಿದದ್ದನ್ನು ಹೇಳಿದರು.

ಗಂಡ ಹಾಳೆಯನ್ನು ಅವಳ ಕಡೆ ಚಾಚಿದ. "ಭಾನುವಾರ ಹೋಗ್ಬೇಡ."

"ಹೋಗ್ತೀನಿ."

"ನಾನು ಬೇಡ ಅಂದ ಮೇಲೂ?"

"ಇದ್ರಲ್ಲಿ ಕರೆದಿರೋದು ನನ್ನನ್ನ."

ಅಲ್ಲಿಂದ ಭಾನುವಾರದವರೆಗೆ ಅವನು ಅವಳೊಡನೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ತಾಯಿಯನ್ನು ಕೇಳುತ್ತಿದ್ದ. ಅವರು ಸೊಸೆಗೆ ಹೇಳುತ್ತಿದ್ದರು. ಉಪ್ಪು ಮೂರು ಜನರನ್ನು ದಾಟಿ ತಟ್ಟೆಗೆ ಬರುತ್ತಿತ್ತು. ಕಾಜಕ್ಕ ಪ್ರತಿ ಸಂಜೆ ಆ ಹಾಳೆಯನ್ನು ಕನ್ನಡಿಯ ಪಕ್ಕದ ಮೊಳೆಗೆ ಸಿಕ್ಕಿಸುತ್ತಿದ್ದಳು. ಬೆಳಿಗ್ಗೆ ನೋಡಿದರೆ ಅದು ಕೆಳಗೆ ಮಡಚಿ ಇಟ್ಟಿರುತ್ತಿತ್ತು. ಅವಳು ಮತ್ತೆ ಸಿಕ್ಕಿಸುತ್ತಿದ್ದಳು. ಉಳಿದವರ ಮನೆಗಳಲ್ಲಿ ಏನೇನಾಯಿತೆಂದು ಹಾಲಿನಲ್ಲಿ ತುಣುಕು ತುಣುಕಾಗಿ ಕೇಳಿಬಂತು. ಜೇಬಿನ ಮಾವ ಲಕೋಟೆಯನ್ನು ಒಲೆಗೆ ಹಾಕಿದರಂತೆ. ಒಬ್ಬಳ ಗಂಡ ಇನ್ನು ಮೇಲೆ ಮನೆಯ ಬಾಡಿಗೆ ನೀನೇ ಕೊಡು ಅಂದನಂತೆ. ಕಾಲರಕ್ಕ ಇನ್ನೂ ತಟ್ಟೆಯ ಪಕ್ಕದಲ್ಲಿ ಇಟ್ಟಿರಲಿಲ್ಲ. ಒಂದು ಕಣ್ಣು ಊದಿಸಿಕೊಂಡು ಬಂದವಳೂ ಇದ್ದಳು. ಬಾಗಿಲು ತಾಗಿತು ಎಂದಳು. ಯಾರೂ ಯಾವ ಬಾಗಿಲು ಎಂದು ಕೇಳಲಿಲ್ಲ. ಆ ದಿನ ಕಾಜಕ್ಕನಿಗೆ ತಾನು ಎತ್ತಿಕೊಂಡ ಪೆನ್ನು ಭಾರವಾಯಿತು. ಬೇಡವೆಂದರೆ ಬಿಡಮ್ಮ, ಬರಬೇಡ ಎಂದಳು. ಊದಿದ ಕಣ್ಣಿನವಳು ಅವಳನ್ನೇ ನೋಡುತ್ತ, ಇಷ್ಟಾದ ಮೇಲೆ ಬರದೆ ಇರುತ್ತೇನಾ ಎಂದಳು.

ಭಾನುವಾರ ಹಾಲಿನಲ್ಲಿ ಮಷೀನುಗಳನ್ನು ಗೋಡೆಗೆ ಸರಿಸಿ ಬೆಂಚುಗಳನ್ನು ಹಾಕಿದ್ದರು. ಮುಂದೆ ಒಂದು ಮೇಜು, ಅದರ ಹಿಂದೆ ಅಧ್ಯಕ್ಷರು, ಪಕ್ಕದಲ್ಲಿ ಕಾರ್ಯದರ್ಶಿ. ಗಂಡಸರು ಮೊದಲೇ ಬಂದು ಮುಂದಿನ ಬೆಂಚುಗಳಲ್ಲಿ ಕೂತಿದ್ದರು. ಅಧ್ಯಕ್ಷರು ಗೋಡೆಯ ಗಡಿಯಾರ ನೋಡಿದರು. ಕೋರಂ ಇಲ್ಲದಿರುವುದನ್ನು ಬರೆದುಕೊಳ್ಳಿ ಎಂದು ಹೇಳುವಷ್ಟರಲ್ಲಿ ಬಾಗಿಲಲ್ಲಿ ಕಾಜಕ್ಕ ಕಾಣಿಸಿಕೊಂಡಳು, ಅವಳ ಹಿಂದೆ ಜೇಬು, ಅವಳ ಹಿಂದೆ ಊದಿದ ಕಣ್ಣು. ಲಕೋಟೆ ಅಂಚೆಗೆ ಹಾಕಿದವರಲ್ಲಿ ಬಹುತೇಕ ಎಲ್ಲರೂ ಬಂದರು. ಹಾಕದಿದ್ದ ಕೆಲವರೂ ಬಂದರು. ಕೊನೆಯಲ್ಲಿ ಕಾಲರಕ್ಕ ಓಡುತ್ತ ಬಂದಳು. ಊಟದ ತಟ್ಟೆಯ ಪಕ್ಕದಲ್ಲಿ ಇವತ್ತೇ ಇಟ್ಟು ಅವನು ಓದಿ ಮುಗಿಸುವುದರೊಳಗೆ ಮನೆ ಬಿಟ್ಟಿದ್ದಳು. ರಸ್ತೆಯ ಆಚೆ ಒಬ್ಬಿಬ್ಬರು ಗಂಡಂದಿರು ಸೈಕಲ್ಲು ಹಿಡಿದು ನಿಂತಿದ್ದರು. ಕಾಜಕ್ಕನ ಗಂಡನೂ ಇದ್ದ. ಸ್ವಲ್ಪ ದೂರ ಬಿಟ್ಟು ಹಿಂದೆ ಬಂದಿದ್ದ, ಅಷ್ಟೇ.

ಹಾಜರಿ ಪುಸ್ತಕಕ್ಕೆ ರುಜು ಹಾಕಿಸಿಕೊಳ್ಳುವಾಗ ನಾದಿನಿ ತಲೆಯೆತ್ತಲಿಲ್ಲ. ಎಲ್ಲರೂ ಮುಗಿಸಿದ ಮೇಲೆ ಎಣಿಸಿ, ಕೋರಂ ಆಗಿದೆ ಸರ್ ಎಂದಳು. ಅರ್ಧ ಗಂಟೆ ಕಾಯುವ ಪ್ರಶ್ನೆಯೇ ಉಳಿಯಲಿಲ್ಲ.

ಮೊದಲ ಆರು ವಿಷಯಗಳು ಬೇಗ ಬೇಗ ಮುಗಿದವು. ಅಧ್ಯಕ್ಷರು ಓದುವುದು, ಮುಂದಿನ ಬೆಂಚು ಒಪ್ಪಿಗೆ ಎನ್ನುವುದು. ಲೆಕ್ಕದ ನಡುವೆ ಜೇಬು ಎದ್ದು, ಹೆಂಗಸರ ಪಾಯಖಾನೆಗೆ ಚಿಲಕ ಹಾಕಿಸಲು ಈಗಲೇ ಒಂದು ನಿರ್ಣಯ ಮಾಡಿ ಎಂದಳು. ಅಧ್ಯಕ್ಷರು ನಗುತ್ತ, ನೋಟೀಸಿನಲ್ಲಿ ಇಲ್ಲದ ವಿಷಯದ ಮೇಲೆ ನಿರ್ಣಯ ಮಾಡಲು ಬರುವುದಿಲ್ಲ, ನಿಯಮ ನಿಯಮವೇ ಎಂದರು. ಜೇಬು ಕೂತಳು.

ಏಳನೆಯದಕ್ಕೆ ಬಂದಾಗ ಅವರು ಬೆಂಚುಗಳ ಮೇಲೆ ಕಣ್ಣಾಡಿಸಿದರು. ಮುಂದಿನ ಬೆಂಚುಗಳಲ್ಲಿ ಇದ್ದವರಿಗಿಂತ ಹಿಂದಿನವರು ಹೆಚ್ಚಿದ್ದರು. ಹಾಳೆಯನ್ನು ಮಡಚಿದರು. ಏಳನೆಯ ವಿಷಯ ಇನ್ನೂ ಸ್ವಲ್ಪ ಅಧ್ಯಯನ ಬೇಡುತ್ತದೆ, ಅದನ್ನು ಮುಂದಿನ ಸಭೆಗೆ ಬಿಡೋಣ, ಬಿಸಿಲಲ್ಲಿ ಬಂದ ಎಲ್ಲರಿಗೂ ಧನ್ಯವಾದ ಎಂದು ಹೇಳಿ ಕುರ್ಚಿಯಿಂದ ಎದ್ದರು. ಮುಂದಿನ ಸಭೆ ಅಂದರೆ ಏನೆಂದು ಕಾಜಕ್ಕನಿಗೆ ಗೊತ್ತಿತ್ತು. ಇನ್ನೊಂದು ಕಟ್ಟು ಲಕೋಟೆ, ಇನ್ನೊಂದು ಅಲ್ಮೇರಾ, ಈ ಸಲ ಹೆದರಿದ್ದವರು ಮುಂದಿನ ಸಲ ಇನ್ನಷ್ಟು ಹೆದರಿರುತ್ತಾರೆ.

ಅವಳು ಎದ್ದು ನಿಂತಳು. "ಕೂತ್ಕೊಳ್ಳಿ," ಎಂದಳು.

ಅಧ್ಯಕ್ಷರಿಗೆ ಇದು ತಮಗೇ ಹೇಳಿದ್ದೆಂದು ಮೊದಲು ಹೊಳೆಯಲಿಲ್ಲ. "ಸಭೆ ಮುಗೀತಮ್ಮ."

"ಇಲ್ಲದ್ದನ್ನ ಮಾಡೋ ಹಾಗಿಲ್ಲ ಅಂತ ಈಗ ತಾನೇ ಹೇಳಿದ್ರಿ. ಇರೋದನ್ನ ಮಾಡದೆ ಎದ್ದು ಹೋಗೋ ಹಾಗಿದ್ಯಾ?" ಅವಳ ಕೈಯಲ್ಲಿ ಮೂಲೆ ಹಸಿರಾದ ಹಾಳೆಯಿತ್ತು. "ಇದು ನಮ್ಮ ಮನೆಗೆ ಬಂದಿದೆ. ಇದ್ರಲ್ಲಿ ಏಳನೇದು ಅಂತ ಬರೆದಿದೆ. ಅದಕ್ಕೇ ಬಂದಿದೀವಿ, ಮನೇಲಿ ಹೇಳಿ ಬಂದಿದೀವಿ. ಅದನ್ನ ಓದಿ, ಓಟಿಗೆ ಹಾಕಿ, ಆಮೇಲೆ ಏಳಿ."

ಮುಂದಿನ ಬೆಂಚಿನಿಂದ ಯಾರೋ, ಏಳುವುದು ಕೂರುವುದು ಅಧ್ಯಕ್ಷರ ಅಧಿಕಾರ ಎಂದರು. ಅಧ್ಯಕ್ಷರು ಕಾರ್ಯದರ್ಶಿಯ ಕಡೆ ತಿರುಗಿದರು. ಅವರ ಮುಖದಲ್ಲಿ ಗಾಬರಿಯಿರಲಿಲ್ಲ. ತಮ್ಮ ಕೈಕೆಳಗಿನ ಹುಡುಗಿ, ತಮ್ಮ ರುಜುವಿನ ಸಂಬಳ. ನಿಯಮ ಏನೆಂದು ಇವರಿಗೆ ಹೇಳಮ್ಮ ಎಂದರು.

ನಾದಿನಿ ಮೇಜಿನ ಮೇಲಿದ್ದ ಬೈಲಾ ಪುಸ್ತಕವನ್ನು ಮುಟ್ಟಿದಳು, ತೆರೆಯಲಿಲ್ಲ. ಅತ್ತಿಗೆಯನ್ನು ಒಂದು ಸಲ ನೋಡಿದಳು. ಆ ನೋಟದಲ್ಲಿ ಕೋಪವಿತ್ತು, ನನ್ನನ್ನು ಎಂಥ ಜಾಗದಲ್ಲಿ ನಿಲ್ಲಿಸಿದೆ ಎನ್ನುವ ಕೋಪ. ಕಾಜಕ್ಕ ಕಣ್ಣು ತೆಗೆಯಲಿಲ್ಲ. ಸಹಾಯ ಮಾಡು ಎಂದು ಬೇಡಿಕೊಳ್ಳಲೂ ಇಲ್ಲ.

"ಸೂಚನೆ ಕೊಟ್ಟ ವಿಷಯವನ್ನ ಮುಂದೂಡ್ಬೇಕಾದ್ರೆ ಸಭೆಯ ಒಪ್ಪಿಗೆ ಬೇಕು ಸರ್," ಎಂದಳು ನಾದಿನಿ. ದನಿ ತೆಳ್ಳಗಿತ್ತು, ಆದರೆ ಕೊನೆಯ ಬೆಂಚಿಗೂ ಕೇಳಿಸಿತು. "ಅಧ್ಯಕ್ಷರು ಒಬ್ಬರೇ ಮುಂದೂಡೋಕೆ ಬರಲ್ಲ."

"ಯಾರು ಹೇಳಿದ್ದು?"

"ಬೈಲಾ, ಸರ್. ನೋಟೀಸು ಬರೆಯೋ ಮುಂಚೆ ಪೂರ್ತಿ ಓದಿದ್ದೆ. ಒಂದೂ ತಪ್ಪಾಗಬಾರದು ಅಂತ ನೀವೇ ಹೇಳಿದ್ರಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಧ್ಯಕ್ಷರು ಕೂತರು. ಕೂರುವುದೆಂದರೆ ಕುರ್ಚಿಯ ತುದಿಯಲ್ಲಿ. ಮುಂದೂಡಲು ಒಪ್ಪುವವರು ಕೈಯೆತ್ತಿ ಎಂದರು. ಮುಂದಿನ ಬೆಂಚುಗಳಲ್ಲಿ ಕೈಗಳೆದ್ದವು. ಒಪ್ಪದವರು ಎಂದಾಗ ಹಿಂದೆ ಅದಕ್ಕಿಂತ ಹೆಚ್ಚು ಎದ್ದವು. ಒಬ್ಬ ವಯಸ್ಸಾದ ಇಸ್ತ್ರಿಯವನು ಮುಂದಿನ ಬೆಂಚಿನಲ್ಲೇ ಕೂತು ಹಿಂದಿನವರ ಜೊತೆ ಎತ್ತಿದ. ಹೊಸ ಮೇಸ್ತ್ರಿಗಳ ಕೈಕೆಳಗೆ ಬಿಸಿ ಪೆಟ್ಟಿಗೆ ಎಳೆಯುವ ಆಸೆ ಅವನಿಗಿರಲಿಲ್ಲವೆಂದು ತೋರುತ್ತದೆ.

ನಾದಿನಿ ಏಳನೆಯ ವಿಷಯವನ್ನು ಓದಿದಳು. ಅಧ್ಯಕ್ಷರ ಸನ್ನೆಗೆ ಕಾಯಲಿಲ್ಲ. ಹೊಲಿಗೆ ಹಾಲು, ಎಲ್ಲ ಯಂತ್ರಗಳು, ಅವಧಿ, ಬಾಡಿಗೆ ಪರಿಷ್ಕರಣೆ, ಕೆಲಸಗಾರರ ನೇಮಕ ಗುತ್ತಿಗೆದಾರರ ಇಚ್ಛೆಗೆ ಸೇರಿದ್ದು ಎಂಬ ಕರಾರು, ಎಲ್ಲವನ್ನೂ. ಕೆಲವು ಗಂಡಸರಿಗೆ ಆ ಕೊನೆಯ ಕರಾರು ಹೊಸದಿರಬೇಕು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚರ್ಚೆ ಇದೆಯಾ ಎಂದು ಕೇಳಿದಾಗ ಊದಿದ ಕಣ್ಣಿನವಳು ಎದ್ದು, ನನಗೆ ಮಾತಾಡಲು ಬರುವುದಿಲ್ಲ, ಆದರೆ ನನ್ನ ಕೈ ಎಲ್ಲಿದೆ ಅಂತ ಸರಿಯಾಗಿ ಎಣಿಸಿಕೊಳ್ಳಿ ಎಂದು ಹೇಳಿ ಕೂತಳು.

ಪರವಾಗಿ ಎದ್ದ ಕೈಗಳು ಈ ಸಲ ಮೊದಲಿಗಿಂತ ಕಡಿಮೆಯಿದ್ದವು. ಮೂರನೇ ಎರಡು ಹೋಗಲಿ, ಅರ್ಧವೂ ಆಗಲಿಲ್ಲ. ವಿರುದ್ಧ ಕೈಯೆತ್ತಿದವರು ಎಣಿಸಿ ಮುಗಿದ ಮೇಲೂ ಕೆಳಗಿಳಿಸಲಿಲ್ಲ. ಸಾಕಮ್ಮ, ಆಯ್ತು ಎಂದು ನಾದಿನಿ ಹೇಳಬೇಕಾಯಿತು. ಹೇಳಿ, ತಿರಸ್ಕೃತ ಎಂದು ಬರೆದಳು. ಅಧ್ಯಕ್ಷರು ಅವಳ ಕಿವಿಯ ಹತ್ತಿರ ಬಾಗಿ ಏನೋ ಅಂದರು. ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ. ಅವಳ ಕೆಲಸ ಉಳಿಯುತ್ತದೆಯೋ ಹೋಗುತ್ತದೆಯೋ ಆ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ.

ಇತರ ವಿಷಯಗಳು ಎಂದಾಗ ಯಾರೂ ನಿರ್ಣಯ ಕೇಳಲಿಲ್ಲ. ಕಾಜಕ್ಕ ಮೇಜಿನ ಹತ್ತಿರ ಬಂದು ಒಂದು ಚೀಟಿ ಇಟ್ಟಳು. ಸದಸ್ಯರ ದಾಖಲೆಯಲ್ಲಿ ತನ್ನ ವಿಳಾಸ ಬದಲಾಯಿಸಬೇಕೆಂಬ ಅರ್ಜಿ. ಇದಕ್ಕೆ ಓಟು ಬೇಡ, ಸ್ವೀಕರಿಸಿ ರುಜು ಹಾಕಿಕೊಡಿ ಎಂದಳು. ಅವಳ ಹಿಂದೆ ಜೇಬು ನಿಂತಿದ್ದಳು, ಜೇಬಿನ ಹಿಂದೆ ಇನ್ನೂ ಮೂವರು. ಕಾಲರಕ್ಕ ಸಾಲಿಗೆ ಸೇರಿ, ಮತ್ತೆ ಬಿಟ್ಟು, ಕೊನೆಗೆ ಬೆಂಚಿನಲ್ಲೇ ಕೂತಳು. ಮುಂದಿನ ವರ್ಷ ನೋಡೋಣ ಎಂದಳು, ಯಾರೂ ಕೇಳದಿದ್ದರೂ.

ಹೊರಗೆ ಬಿಸಿಲು ಇಳಿದಿತ್ತು. ಗಂಡ ಸೈಕಲ್ಲನ್ನು ಕಂಬಕ್ಕೆ ಒರಗಿಸಿ ನಿಂತಿದ್ದ. ಅವಳು ಹತ್ತಿರ ಬಂದಾಗ, ಇಷ್ಟು ದಿನದಲ್ಲಿ ಮೊದಲ ಸಲ, ನೇರವಾಗಿ ಅವಳನ್ನೇ ಕೇಳಿದ.

"ಏನಾಯ್ತು ಒಳಗೆ?"

"ಅದು ಸದಸ್ಯರಿಗೆ," ಎಂದಳು ಕಾಜಕ್ಕ, ನಿಲ್ಲದೆ ನಡೆಯುತ್ತ. "ನಡಾವಳಿ ಬರೀತಾರೆ. ಮನೆಗೇ ಬರತ್ತೆ. ನನ್ನ ಹೆಸರಿಗೆ. ಬಂದ್ಮೇಲೆ ಓದೋಕೆ ಕೊಡ್ತೀನಿ."

ಅವನು ಸೈಕಲ್ಲನ್ನು ತಳ್ಳಿಕೊಂಡು ಅವಳ ಹಿಂದೆ ಬಂದ. ಸ್ವಲ್ಪ ದೂರ ಹೋದ ಮೇಲೆ ಪಕ್ಕಕ್ಕೆ ಬಂದ. ಅವಳು ಹೆಜ್ಜೆ ನಿಧಾನ ಮಾಡಲಿಲ್ಲ.